ಎಂಟು ಅಂಗುಲದ ಗೆರೆ ಮತ್ತು ಹನ್ನೆರಡು ಮಂದಿಯ ಜ್ಯೂರಿ



ಅಮೆರಿಕದ ಪೌರತ್ವ ಪಡೆದ ನಮ್ಮವರ ಮನೆಗೆ ಎಂದಾದರೊಂದು ದಿನ ಬರುವ ಕಾಗದಗಳಲ್ಲಿ ನ್ಯಾಯಾಲಯದ ಜ್ಯೂರಿ ಕರೆಯೂ ಒಂದು. ಅದು ಬಂದಾಗ ಬಹುಪಾಲು ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಇದನ್ನು ತಪ್ಪಿಸಿಕೊಳ್ಳುವುದು ಹೇಗೆಂಬುದು. ಎರಡನೆಯ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಅಪರಿಚಿತರ ನಡುವೆ ಕುಳಿತು, ಉಳಿದವರೆಲ್ಲ ಒಂದು ಮಾತು ಹೇಳುತ್ತಿರುವಾಗ, ನಮಗೆ ಬೇರೆಯೇ ತೋರಿದರೆ ಏನು ಮಾಡುತ್ತೇವೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಪ್ರಯೋಗದ ಚರಿತ್ರೆಯನ್ನೂ, ಅದು ಈ ದೇಶದ ಅತ್ಯುಚ್ಚ ನ್ಯಾಯಾಲಯದ ತೀರ್ಪೊಂದರಲ್ಲಿ ಪಡೆದ ವಿಚಿತ್ರ ರೂಪವನ್ನೂ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಕಥೆಯ ನಾಯಕ ಸಾಲೊಮನ್ ಆಶ್. 1907ರಲ್ಲಿ ವಾರ್ಸಾ ನಗರದಲ್ಲಿ ಹುಟ್ಟಿ, 1920ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದ ಯಹೂದಿ ಬಾಲಕ. ನಮ್ಮಂತೆಯೇ ಪರಭಾಷೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರು. ತಮ್ಮ ಬಾಲ್ಯದ ಒಂದು ಸಂಜೆಯನ್ನು ಅವರು ವೃದ್ಧಾಪ್ಯದಲ್ಲಿ ನೆನಪಿಸಿಕೊಂಡಿದ್ದಾರೆ. ಪಾಸೋವರ್ ಹಬ್ಬದ ರಾತ್ರಿ. ಮೇಜಿನ ಮೇಲೆ ಯಾರೂ ಮುಟ್ಟದ ಒಂದು ದ್ರಾಕ್ಷಾರಸದ ಬಟ್ಟಲು. ಅದು ಪ್ರವಾದಿ ಎಲೈಜನಿಗೆ ಮೀಸಲು, ಆತ ಪ್ರತಿಯೊಂದು ಮನೆಗೂ ಬಂದು ಒಂದು ಗುಟುಕು ಕುಡಿಯುತ್ತಾನೆ, ಬೇಕಾದರೆ ನೋಡುತ್ತಿರು, ರಸ ತುಸು ಇಳಿಯುತ್ತದೆ ಎಂದು ಮನೆಯ ಹಿರಿಯರೊಬ್ಬರು ಹೇಳಿದರು. ಬಾಲಕ ಕಣ್ಣು ಕೀಲಿಸದೆ ನೋಡಿದ. ರಸ ತುಸು ಇಳಿದಂತೆಯೇ ಕಂಡಿತು! ಕಣ್ಣು ಕಂಡದ್ದಕ್ಕೂ ಸುತ್ತಲಿನವರು ಹೇಳಿದ್ದಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆ ಮುಂದೆ ಅವರ ಜೀವಮಾನದ ಪ್ರಶ್ನೆಯಾಯಿತು.

ಆಶ್ ಅವರಿಗಿಂತ ಮೊದಲು ಈ ದಾರಿ ತುಳಿದವರು ತುರ್ಕಿಯಿಂದ ಬಂದ ಮುಜಾಫರ್ ಷೆರಿಫ್. 1935ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹಳ ಸರಳವಾದದ್ದು. ಕಗ್ಗತ್ತಲೆಯ ಕೋಣೆಯಲ್ಲಿ ಒಂದು ಚಿಕ್ಕ ಬೆಳಕಿನ ಚುಕ್ಕೆಯನ್ನು ದಿಟ್ಟಿಸಿದರೆ, ಅದು ನಿಂತಲ್ಲೇ ನಿಂತಿದ್ದರೂ ಚಲಿಸಿದಂತೆ ಭಾಸವಾಗುತ್ತದೆ. ಎಷ್ಟು ದೂರ ಚಲಿಸಿತೆಂದು ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬೊಬ್ಬರದು ಒಂದೊಂದು ಅಳತೆ. ಇಬ್ಬರು ಮೂವರನ್ನು ಜೊತೆಗೆ ಕೂರಿಸಿದರೆ ಆ ಅಳತೆಗಳು ಮೆಲ್ಲಮೆಲ್ಲನೆ ಒಂದರ ಬಳಿ ಒಂದು ಸರಿದು ಸಮವಾಗುತ್ತವೆ. ಅನಂತರ ಅವರನ್ನು ಮತ್ತೆ ಒಂಟಿಯಾಗಿ ಕೂರಿಸಿದರೂ ಗುಂಪಿನಲ್ಲಿ ನೆಲೆಗೊಂಡ ಅಳತೆಯನ್ನೇ ಅವರು ಹೇಳುತ್ತಾರೆ. ಇದರಲ್ಲಿ ಹೇಡಿತನವೇನೂ ಇಲ್ಲ. ಕತ್ತಲೆಯಲ್ಲಿ ದಾರಿ ಕಾಣದವನು ಪಕ್ಕದವನ ಕೈ ಹಿಡಿಯುವುದು ವಿವೇಕವೇ ಸರಿ.

ಆಶ್ ಅವರ ಆಕ್ಷೇಪ ಇಲ್ಲಿಂದ ಹುಟ್ಟಿತು. ಚುಕ್ಕೆ ಚಲಿಸಿದ ದೂರಕ್ಕೆ ನಿಜವಾದ ಉತ್ತರವೇ ಇಲ್ಲ. ಅಂಥ ಕಡೆ ಜನ ಇತರರನ್ನು ಅನುಸರಿಸಿದರೆಂದು ಮನುಷ್ಯನನ್ನು ಕುರಿಮಂದೆಗೆ ಹೋಲಿಸಬಹುದೇ? ಸತ್ಯ ಹಗಲಿನಷ್ಟು ನಿಚ್ಚಳವಾಗಿರುವ ಕಡೆ ಪರೀಕ್ಷಿಸಿ ನೋಡೋಣ ಎಂದುಕೊಂಡರು. ಜನ ತಮ್ಮ ಕಣ್ಣನ್ನೇ ನಂಬುತ್ತಾರೆಂಬುದು ಅವರ ನಿರೀಕ್ಷೆಯಾಗಿತ್ತು.

ಆಗ ಅವರು ಪೆನ್ಸಿಲ್ವೇನಿಯದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಪ್ರಯೋಗದ ಸಲಕರಣೆ ಎರಡು ಬಿಳಿಯ ಕಾರ್ಡುಗಳು ಮಾತ್ರ. ಒಂದರ ಮೇಲೆ ಒಂದೇ ಗೆರೆ, ಎಂಟು ಅಂಗುಲ ಉದ್ದದ್ದು. ಇನ್ನೊಂದರ ಮೇಲೆ ಮೂರು ಗೆರೆಗಳು: 6¼ ಅಂಗುಲ, 8 ಅಂಗುಲ, 6¾ ಅಂಗುಲ. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮ ಎಂದು ಹೇಳಬೇಕು. ನಮ್ಮ ಒಂದನೆಯ ತರಗತಿಯ ಮಕ್ಕಳಿಗೂ ಇದು ಕಷ್ಟವಲ್ಲ. ಒಂಟಿಯಾಗಿ ಉತ್ತರಿಸಿದವರು ತಪ್ಪಿದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಕೋಣೆಯಲ್ಲಿ ಏಳರಿಂದ ಒಂಬತ್ತು ಯುವಕರು ಸಾಲಾಗಿ ಕುಳಿತಿರುತ್ತಾರೆ. ಅವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗಕರ್ತರ ಕಡೆಯವರು. ಯಾವ ಸರದಿಯಲ್ಲಿ ಏನು ಹೇಳಬೇಕೆಂದು ಮೊದಲೇ ಕಲಿತು ಬಂದವರು. ಆ ಒಬ್ಬನ ಸ್ಥಾನ ಸಾಲಿನ ಕೊನೆಯ ಭಾಗದಲ್ಲಿ. ಮೊದಲ ಎರಡು ಸರದಿಗಳಲ್ಲಿ ಎಲ್ಲರೂ ಸರಿಯಾದ ಉತ್ತರವನ್ನೇ ಹೇಳುತ್ತಾರೆ. ಎಲ್ಲವೂ ನೀರಸವಾಗಿ ಸಾಗುತ್ತದೆ. ಅನಂತರ ಇದ್ದಕ್ಕಿದ್ದಂತೆ ಮೊದಲನೆಯವನು ಕಣ್ಣಿಗೆ ರಾಚುವಂತಹ ತಪ್ಪು ಉತ್ತರ ಹೇಳುತ್ತಾನೆ. ಎರಡನೆಯವನೂ ಅದನ್ನೇ ಹೇಳುತ್ತಾನೆ, ಮೂರನೆಯವನೂ ಅದನ್ನೇ. ನಮ್ಮ ಹುಡುಗ ಕಾರ್ಡನ್ನೊಮ್ಮೆ, ಜೊತೆಯವರ ಮುಖವನ್ನೊಮ್ಮೆ ನೋಡುತ್ತಾನೆ. ಅವನ ಸರದಿ ಬರುತ್ತದೆ. ಒಟ್ಟು ಹದಿನೆಂಟು ಸರದಿಗಳಲ್ಲಿ ಹನ್ನೆರಡು ಸಲ ಅವನನ್ನು ಹೀಗೆ ಸಿಕ್ಕಿಸಲಾಯಿತು.

ಮೂರು ವಿದ್ಯಾಸಂಸ್ಥೆಗಳ 123 ಯುವಕರು ಈ ಪರೀಕ್ಷೆಗೆ ಒಳಗಾದರು. ಅವರ ಉತ್ತರಗಳಲ್ಲಿ ಶೇಕಡ 36.8 ಬಹುಮತದ ತಪ್ಪಿನೊಡನೆ ಸೇರಿಹೋದವು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಈ ಅಂಕಿಯನ್ನು ಹೇಳಿ, ಮನುಷ್ಯ ಎಷ್ಟು ದುರ್ಬಲನೆಂದು ಮರುಗಿ, ಅಲ್ಲಿಗೇ ನಿಲ್ಲಿಸುತ್ತವೆ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆಶ್ ಅವರೇ ತಮ್ಮ ಪ್ರಬಂಧಕ್ಕೆ ಇಟ್ಟ ಹೆಸರಿನಲ್ಲಿ ‘ಸ್ವಾತಂತ್ರ್ಯ’ ಎಂಬ ಮಾತು ಮೊದಲು ಬಂದು, ‘ಅನುಸರಣೆ’ ಎಂಬುದು ಅನಂತರ ಬರುತ್ತದೆ. ಸುಮಾರು ಮೂರನೆಯ ಎರಡು ಪಾಲು ಉತ್ತರಗಳು ಒತ್ತಡವನ್ನು ಮೀರಿ ಸರಿಯಾಗಿಯೇ ಇದ್ದವು. ಕಾಲು ಭಾಗದಷ್ಟು ಯುವಕರು ಹನ್ನೆರಡು ಸಲದಲ್ಲಿ ಒಮ್ಮೆಯೂ ಬಗ್ಗಲಿಲ್ಲ. ಇನ್ನು ಕೆಲವರು ಹೆಚ್ಚುಕಡಿಮೆ ಪ್ರತಿ ಸಲವೂ ಬಗ್ಗಿದರು. ಹಾಗಾಗಿ ಸರಾಸರಿಯ ಮನುಷ್ಯನೊಬ್ಬ ಆ ಕೋಣೆಯಲ್ಲಿ ಇರಲೇ ಇಲ್ಲವೆಂದರೂ ತಪ್ಪಾಗದು.

ಬಗ್ಗಿದವರನ್ನು ಪ್ರಯೋಗ ಮುಗಿದ ಮೇಲೆ ಕೂರಿಸಿಕೊಂಡು ಆಶ್ ವಿಚಾರಿಸಿದರು. ಗೆರೆಯೇ ಹಾಗೆ ಕಂಡಿತೆಂದವರು ಅತಿ ಸ್ವಲ್ಪ ಮಂದಿ. ‘ಅಷ್ಟು ಜನ ತಪ್ಪಲಾರರು, ನನ್ನ ಕಣ್ಣಲ್ಲೇ ಏನೋ ದೋಷ’ ಎಂದು ಭಾವಿಸಿದವರು ಬಹಳ ಮಂದಿ. ಮೂರನೆಯ ಗುಂಪಿನವರಿಗೆ ತಾವು ಕಂಡದ್ದು ಸರಿಯೆಂದು ಗೊತ್ತಿತ್ತು. ಎದ್ದು ಕಾಣಲು ಮನಸ್ಸಿಲ್ಲದೆ ಸುಮ್ಮನೆ ದನಿಗೂಡಿಸಿದ್ದರು.

ಇಲ್ಲಿ ಎರಡು ಬೇರೆ ಬೇರೆ ಶಕ್ತಿಗಳು ಒಂದೇ ಮುಖವಾಡ ತೊಟ್ಟಿವೆ. ಇವನ್ನು ಬಿಡಿಸಿ ಹೆಸರಿಟ್ಟವರು ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್, 1955ರಲ್ಲಿ. ಇತರರ ಮಾತನ್ನು ವಾಸ್ತವದ ಬಗೆಗಿನ ಸಾಕ್ಷ್ಯವೆಂದು ಸ್ವೀಕರಿಸುವುದು ಮೊದಲನೆಯದು. ಇದನ್ನು ‘ಮಾಹಿತಿಯ ಪ್ರಭಾವ’ ಎನ್ನೋಣ. ಇತರರ ನಿರೀಕ್ಷೆಗೆ ಹೊರತಾದರೆ ಎಲ್ಲಿ ನಗೆಪಾಟಲಾಗುತ್ತೇವೋ, ಎಲ್ಲಿ ದೂರವಾಗುತ್ತೇವೋ ಎಂಬ ಅಳುಕು ಎರಡನೆಯದು. ಇದು ‘ರೂಢಿಯ ಪ್ರಭಾವ’. ಷೆರಿಫರ ಕತ್ತಲ ಕೋಣೆಯಲ್ಲಿ ಇದ್ದದ್ದು ಬಹುಮಟ್ಟಿಗೆ ಮೊದಲನೆಯದೇ. ಊರಿಗೆ ಹೊಸದಾಗಿ ಬಂದವರು ಹಿಮ ಬೀಳುವ ಕಾಲಕ್ಕೆ ಯಾವ ಟೈರು ಹಾಕಿಸಬೇಕೆಂದು ನೆರೆಯವರನ್ನು ಕೇಳಿ ಹಾಗೆಯೇ ಮಾಡುವುದೂ ಮೊದಲನೆಯದೇ. ಮದುವೆಯ ಊಟದಲ್ಲಿ ಎಲ್ಲರೂ ಏಳುವವರೆಗೆ, ಹೊಟ್ಟೆ ತುಂಬಿದ್ದರೂ ಎಲೆಯ ಮುಂದೆ ಕುಳಿತೇ ಇರುವುದು ಎರಡನೆಯದು.

ಇವೆರಡನ್ನೂ ಬೇರ್ಪಡಿಸಿ ಅಳೆಯಲು ಅವರು ಹೂಡಿದ ಉಪಾಯ ಮೆಚ್ಚತಕ್ಕದ್ದು. ಕೆಲವರನ್ನು ಆಶ್ ಅವರಂತೆಯೇ ಮುಖಾಮುಖಿ ಕೂರಿಸಿದರು. ಇನ್ನು ಕೆಲವರನ್ನು ಅಡ್ಡಗೋಡೆಗಳ ನಡುವೆ ಕೂರಿಸಿ, ಗುಂಡಿ ಒತ್ತಿ ಉತ್ತರಿಸುವಂತೆ ಮಾಡಿದರು. ಯಾರು ಏನು ಒತ್ತಿದರೆಂದು ಬೇರೆಯವರಿಗೆ ತಿಳಿಯುವಂತಿರಲಿಲ್ಲ. ಹೆಸರು ಮರೆಯಾದಾಗ ಬಗ್ಗುವಿಕೆ ಕಡಿಮೆಯಾಯಿತು, ಆದರೆ ಇಲ್ಲವಾಗಲಿಲ್ಲ. ಕಡಿಮೆಯಾದ ಪಾಲು ಅಳುಕಿನದು. ಉಳಿದುಕೊಂಡ ಪಾಲಿನಲ್ಲಿ ‘ಅಷ್ಟು ಜನ ತಪ್ಪಲಾರರು’ ಎಂಬ ನಂಬಿಕೆಯದೇ ದೊಡ್ಡ ಅಂಶ. ಒಂದು ಗುಂಪಿಗೆ, ಚೆನ್ನಾಗಿ ಉತ್ತರಿಸಿದ ತಂಡಗಳಿಗೆ ನಾಟಕದ ಟಿಕೆಟು ಬಹುಮಾನ ಎಂದು ಹೇಳಿದರು. ಬಹುಮಾನ ಬೇಕಾದರೆ ಸರಿಯಾಗಿ ಉತ್ತರಿಸಬೇಕಲ್ಲವೇ? ಆದರೆ ಬಗ್ಗುವಿಕೆ ಗಣನೀಯವಾಗಿ ಏರಿತು. ‘ನಮ್ಮ ತಂಡ’ ಎಂಬ ಭಾವ ಬಂದೊಡನೆ ಅಪಸ್ವರ ಎತ್ತುವುದು ದ್ರೋಹದಂತೆ ತೋರಿತೆಂದು ಕಾಣುತ್ತದೆ. ಇನ್ನೊಂದು ಗುಂಪಿನವರು ಇತರರ ಉತ್ತರ ಕೇಳುವುದಕ್ಕೆ ಮೊದಲೇ ತಮ್ಮ ಉತ್ತರವನ್ನು ಕಾಗದದ ಮೇಲೆ ಬರೆದಿಡಬೇಕಿತ್ತು. ಅವರಲ್ಲಿ ಬಗ್ಗುವಿಕೆ ಬಹಳ ಇಳಿದುಹೋಯಿತು. ಆ ಕಾಗದವನ್ನು ಯಾರಿಗೂ ತೋರಿಸದಿದ್ದಾಗಲೂ ಹೀಗೆಯೇ ಆಯಿತೆಂಬುದು ಗಮನಾರ್ಹ.

ಈಗ ಒಂಟಿ ದನಿಯ ವಿಷಯಕ್ಕೆ ಬರೋಣ. ಆಶ್ ತಮ್ಮ ಪ್ರಯೋಗವನ್ನು ನಾನಾ ರೀತಿಯಲ್ಲಿ ಬದಲಿಸಿ ನೋಡಿದರು. ಎದುರಾಳಿ ಒಬ್ಬನೇ ಇದ್ದರೆ ಯಾರೂ ಅವನನ್ನು ಲೆಕ್ಕಿಸಲಿಲ್ಲ. ಇಬ್ಬರಾದಾಗ ತಪ್ಪು ಶೇಕಡ 13.6. ಮೂವರಾದಾಗ ಶೇಕಡ 31.8. ಅಲ್ಲಿಂದಾಚೆಗೆ ಎದುರಾಳಿಗಳನ್ನು ಹದಿನೈದರವರೆಗೆ ಏರಿಸಿದರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹಾಗಾದರೆ ಬಹುಮತದ ಬಲ ಅದರ ಗಾತ್ರದಲ್ಲಿಲ್ಲ.

ಅದು ಎಲ್ಲಿದೆಯೆಂಬುದನ್ನು ಮುಂದಿನ ಬದಲಾವಣೆ ತೋರಿಸಿತು. ಸಾಲಿನಲ್ಲಿ ಒಬ್ಬನಿಗೆ ಸರಿಯಾದ ಉತ್ತರ ಹೇಳುವಂತೆ ಕಲಿಸಿಕೊಟ್ಟರು. ಅವನೊಬ್ಬನ ದನಿ ಕೇಳಿದ್ದೇ ತಡ, ತಪ್ಪುಗಳು ನಾಲ್ಕನೆಯ ಒಂದು ಪಾಲಿಗೆ ಇಳಿದವು. ಸತ್ಯದ ಮಾತು ಕೇಳಿದ್ದರಿಂದ ಹೀಗಾಯಿತೆನ್ನೋಣವೆಂದರೆ, ಆಶ್ ಅಷ್ಟಕ್ಕೇ ಬಿಡಲಿಲ್ಲ. ಆ ಒಬ್ಬನೂ ತಪ್ಪು ಹೇಳಲಿ, ಆದರೆ ಬಹುಮತದ್ದಲ್ಲದ ಬೇರೆ ತಪ್ಪು ಹೇಳಲಿ ಎಂದರು. ಬಹುಮತಕ್ಕಿಂತಲೂ ಅಡ್ಡಾದಿಡ್ಡಿಯಾದ ಉತ್ತರವನ್ನು ಆತ ಹೇಳಿದಾಗ, ನಮ್ಮ ಹುಡುಗರ ತಪ್ಪು ಶೇಕಡ 9ಕ್ಕೆ ಕುಸಿಯಿತು. ಆತ ಸರಿಯೂ ಅಲ್ಲ, ನಮ್ಮ ಹುಡುಗನ ಪರವೂ ಅಲ್ಲ. ಆದರೂ ಏಕಾಭಿಪ್ರಾಯದ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿತು, ಅಷ್ಟೇ ಸಾಕಾಯಿತು. ಭಿನ್ನಮತದವನು ಬಹುಮತಕ್ಕಿಂತ ಕಡಿಮೆ ತಪ್ಪಿದ, ನಡುದಾರಿಯ ಉತ್ತರ ಹೇಳಿದಾಗ ಮಾತ್ರ ಪರಿಣಾಮ ಇಷ್ಟು ದೊಡ್ಡದಾಗಲಿಲ್ಲ. ತಪ್ಪುಗಳು ಮೂರನೆಯ ಒಂದು ಪಾಲಿನಷ್ಟು ಇಳಿದವು.

ಇನ್ನೊಂದು ಸಲ ಆ ಜೊತೆಗಾರ ಆರು ಸರದಿ ಸರಿಯಾಗಿ ಹೇಳಿ, ಏಳನೆಯದರಿಂದ ಬಹುಮತದ ಕಡೆಗೆ ಹೋಗಿಬಿಟ್ಟ. ಹುಡುಗರ ಧೈರ್ಯವೂ ಅವನೊಡನೆಯೇ ಹೋಯಿತು. ತಪ್ಪುಗಳು ಜೊತೆಗಾರನೇ ಇಲ್ಲದವರ ಮಟ್ಟಕ್ಕೆ ಏರಿದವು. ಅದೇ ಜೊತೆಗಾರ ಕಾಲೇಜಿನ ಡೀನರನ್ನು ಕಾಣಬೇಕೆಂದು ಹೇಳಿ ನಡುವೆ ಎದ್ದುಹೋದಾಗ ತಪ್ಪು ಏರಿದರೂ ಅಷ್ಟು ಏರಲಿಲ್ಲ. ಎದ್ದುಹೋದ ಗೆಳೆಯ ಮನಸ್ಸಿನಲ್ಲಿ ಇನ್ನೂ ಗೆಳೆಯನೇ; ಪಕ್ಷ ಬಿಟ್ಟವನು ಹಾಗಲ್ಲ. ಒಂದು ಸ್ವಾರಸ್ಯವೆಂದರೆ, ಜೊತೆಗಾರನ ಬಗ್ಗೆ ಹುಡುಗರಿಗೆಲ್ಲ ಪ್ರೀತಿಯಿತ್ತು, ಆದರೆ ‘ಅವನಿಂದಲೇ ನಿನಗೆ ಧೈರ್ಯ ಬಂದದ್ದೇ?’ ಎಂದರೆ ಅಲ್ಲವೆನ್ನುತ್ತಿದ್ದರು.

ಜೊತೆಗಾರ ಕೊಡುವುದು ಮಾಹಿತಿಯನ್ನೋ ಆಸರೆಯನ್ನೋ? 1971ರಲ್ಲಿ ವರ್ನನ್ ಆಲೆನ್ ಮತ್ತು ಜಾನ್ ಲೆವೈನ್ ಇದನ್ನು ಚೆಲುವಾಗಿ ಬಿಡಿಸಿದರು. ಅವರು ಒದಗಿಸಿದ ಜೊತೆಗಾರನಿಗೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕ. ಕಣ್ಣಿನ ಪರೀಕ್ಷೆಯಲ್ಲಿ ಆತ ಎಲ್ಲರೆದುರಿಗೇ ಸೋಲುತ್ತಾನೆ. ನೋಟದ ವಿಷಯದಲ್ಲಿ ಅವನ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಆದರೂ ಅವನು ಸರಿಯಾದ ಉತ್ತರ ಹೇಳಿದಾಗ ಬಗ್ಗುವಿಕೆ ಸ್ಪಷ್ಟವಾಗಿ ಇಳಿಯಿತು. ಒಳ್ಳೆಯ ಕಣ್ಣಿನ ಜೊತೆಗಾರನಿದ್ದಾಗ ಇನ್ನೂ ಹೆಚ್ಚು ಇಳಿಯಿತು. ಮೊದಲ ಇಳಿಕೆ ಒಂಟಿತನ ನೀಗಿದ್ದರ ಫಲ. ಮೇಲಿನ ಹೆಚ್ಚಳ ನಂಬಬಹುದಾದ ಮಾಹಿತಿಯ ಫಲ.

ಇಂಥ ಫಲಿತಾಂಶಗಳು ಎಲ್ಲ ಕಾಲಕ್ಕೂ ಎಲ್ಲ ಜನಕ್ಕೂ ಒಂದೇ ಅಲ್ಲ. 1980ರಲ್ಲಿ ಪೆರಿನ್ ಮತ್ತು ಸ್ಪೆನ್ಸರ್ ಇಂಗ್ಲೆಂಡಿನ ಇಂಜಿನಿಯರಿಂಗ್, ಗಣಿತ, ರಸಾಯನಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ಇದನ್ನೇ ನಡೆಸಿದಾಗ 396 ಸರದಿಗಳಲ್ಲಿ ಬಗ್ಗಿದ್ದು ಒಮ್ಮೆ ಮಾತ್ರ. (ಈ ಸಭೆಯಲ್ಲಿ ಇಂಜಿನಿಯರುಗಳೇ ಹೆಚ್ಚಾಗಿರುವುದರಿಂದ ಈ ಅಂಕಿಗೆ ಚಪ್ಪಾಳೆ ಬರಬಹುದೆಂದು ನಿರೀಕ್ಷಿಸಿದ್ದೆವು.) ಆದರೆ ನ್ಯಾಯಾಲಯದ ನಿಗಾದಲ್ಲಿದ್ದ ತರುಣರನ್ನು, ಅವರ ಮೇಲ್ವಿಚಾರಣೆಯ ಅಧಿಕಾರಿಗಳ ನಡುವೆ ಕೂರಿಸಿದಾಗ ಆಶ್ ಕಂಡ ಮಟ್ಟವೇ ಮತ್ತೆ ಕಂಡಿತು. 1970ರ ದಶಕದಲ್ಲಿ ಫಿಜಿಯ ಭಾರತೀಯ ಮೂಲದ ಶಿಕ್ಷಕರ ಮೇಲೆ ನಡೆದ ಅಧ್ಯಯನವೊಂದರಲ್ಲಿ ತಪ್ಪು ಶೇಕಡ 58 ಮುಟ್ಟಿತು. 17 ದೇಶಗಳ 133 ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಬಾಂಡ್ ಮತ್ತು ಸ್ಮಿತ್ ಕಂಡದ್ದು, ಸಮುದಾಯವೇ ಮೊದಲೆನ್ನುವ ನಾಡುಗಳಲ್ಲಿ ಬಗ್ಗುವಿಕೆ ಹೆಚ್ಚೆಂದು. ಅದನ್ನು ದೌರ್ಬಲ್ಯವೆಂದು ಒಪ್ಪಲು ನಾವು ಸಿದ್ಧರಿಲ್ಲ. ಜೊತೆಯವರ ಮುಖಭಂಗ ಮಾಡಬಾರದೆಂಬ ಸೌಜನ್ಯವೂ ಅದರಲ್ಲಿ ಬೆರೆತಿರಬಹುದು. ಆದರೆ ಜ್ಯೂರಿ ಕೋಣೆಯಲ್ಲಿ ಆ ಸೌಜನ್ಯದ ಬೆಲೆ ತೆರುವವನು ಇನ್ನೊಬ್ಬ.

ಇನ್ನು ನ್ಯಾಯಾಲಯದ ಪ್ರಸಂಗ. ಫ್ಲಾರಿಡದಲ್ಲಿ ಜಾನಿ ವಿಲಿಯಮ್ಸ್ ಎಂಬಾತನನ್ನು ದರೋಡೆಯ ಆರೋಪದ ಮೇಲೆ ವಿಚಾರಿಸಿದ್ದು ಆರು ಮಂದಿಯ ಜ್ಯೂರಿ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಹನ್ನೆರಡು ಮಂದಿ ನನ್ನ ಹಕ್ಕು ಎಂದು ಆತ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದ. 1970ರ ತೀರ್ಪಿನಲ್ಲಿ ನ್ಯಾಯಮೂರ್ತಿ ಬೈರನ್ ವೈಟ್ ಬರೆದರು: ಆರು ಮಂದಿ ಸಾಕು. ಅಲ್ಪಮತದ ಜ್ಯೂರಿಗಳ ಮೇಲೆ ಬೀಳುವ ಒತ್ತಡ ಎದುರಿನ ಬಹುಮತದ ಪ್ರಮಾಣವನ್ನು ಅವಲಂಬಿಸಿದೆ, ಆದ್ದರಿಂದ ಗಾತ್ರ ಇಳಿದರೂ ಪ್ರಮಾಣ ಬದಲಾಗದು ಎಂಬುದು ಅವರ ವಾದದ ಒಂದು ಎಳೆ. ಎಂದರೆ ಹತ್ತಕ್ಕೆ ಇಬ್ಬರು ನಿಂತರೂ, ಐವರಿಗೆ ಒಬ್ಬ ನಿಂತರೂ ಒಂದೇ. ಅಡಿಟಿಪ್ಪಣಿಯಲ್ಲಿ ಆಧಾರವಾಗಿ ಉಲ್ಲೇಖವಾದ ಬರಹಗಳಲ್ಲಿ ಆಶ್ ಅವರ ಪ್ರಬಂಧವೂ ಒಂದು!

ಇಷ್ಟು ಹೊತ್ತು ಕೇಳಿದ ನಿಮಗೆ ದೋಷ ತಾನಾಗಿ ಹೊಳೆದಿರಬೇಕು. ಅಂಕಗಣಿತದಲ್ಲಿ ಹತ್ತು–ಎರಡು ಮತ್ತು ಐದು–ಒಂದು ಸಮವೇ. ಆದರೆ ಆಶ್ ಅವರ ಕೋಣೆಯಲ್ಲಿ ಅವು ಆಕಾಶ ಭೂಮಿಯಷ್ಟು ಬೇರೆ. ಹತ್ತು ಮಂದಿಯ ಎದುರಿನ ಇಬ್ಬರಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನಿದ್ದಾನೆ. ಐವರ ಎದುರಿನ ಒಬ್ಬನಿಗೆ ಯಾರೂ ಇಲ್ಲ. ನಿಜವಾದ ಜ್ಯೂರಿಗಳ ಮೊದಲ ಮತದಾನಗಳನ್ನು ಅಭ್ಯಸಿಸಿದ ಷಿಕಾಗೋದ ಕಾಲ್ವೆನ್ ಮತ್ತು ಜೈಸೆಲ್ ಕೂಡ 1966ರಲ್ಲಿ ಇದನ್ನೇ ಗಮನಿಸಿದ್ದರು: ಕೊನೆಯವರೆಗೆ ಪಟ್ಟು ಹಿಡಿದ ಒಬ್ಬಿಬ್ಬರಿಗೆ ಆರಂಭದಲ್ಲಿ ಇನ್ನೂ ಕೆಲವರ ಜೊತೆಯಿರುವುದು ಅಗತ್ಯವಾಗಿತ್ತು. ವಿಲಿಯಮ್ಸ್ ಮೊಕದ್ದಮೆಯಲ್ಲಿ ಜ್ಯೂರಿಯ ಗಾತ್ರದ ಬಗ್ಗೆ ವಿರುದ್ಧ ಮತ ಕೊಟ್ಟವರು ಥರ್ಗುಡ್ ಮಾರ್ಷಲ್ ಒಬ್ಬರೇ.

ಒಂದು ಲೆಕ್ಕ ಹಾಕಿ ನೋಡೋಣ. ಮೊಕದ್ದಮೆಯ ಸಾಕ್ಷ್ಯವನ್ನು ಬೇರೆ ರೀತಿ ಕಾಣುವವರು ಊರಿನಲ್ಲಿ ಹತ್ತಕ್ಕೆ ಒಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಚೀಟಿ ಎತ್ತಿ ಹನ್ನೆರಡು ಮಂದಿಯ ನೂರು ಜ್ಯೂರಿಗಳನ್ನು ರಚಿಸಿದರೆ, ಸರಾಸರಿ 72ರಲ್ಲಿ ಅಂಥವರು ಕನಿಷ್ಠ ಒಬ್ಬರಾದರೂ ಇರುತ್ತಾರೆ. ಆರು ಮಂದಿಯ ಜ್ಯೂರಿಗಳಾದರೆ 47ರಲ್ಲಿ ಮಾತ್ರ. ಇದೇ ದೊಡ್ಡ ನಷ್ಟ. ಆದರೆ ಕನಿಷ್ಠ ಇಬ್ಬರು, ಎಂದರೆ ಒಬ್ಬ ಮತ್ತು ಅವನ ಜೊತೆಗಾರ, ಇರುವ ಜ್ಯೂರಿಗಳನ್ನು ಎಣಿಸಿದರೆ ಹನ್ನೆರಡರಲ್ಲಿ 34, ಆರರಲ್ಲಿ 11. ಭಿನ್ನ ದನಿ ಕೋಣೆಗೆ ಬರುವ ಸಂಭವ ಮೂರನೆಯ ಎರಡಕ್ಕೆ ಇಳಿದರೆ, ಜೊತೆಗಾರನೊಡನೆ ಬರುವ ಸಂಭವ ಮೂರನೆಯ ಒಂದಕ್ಕೇ ಇಳಿಯುತ್ತದೆ.

ಎಂಟು ವರ್ಷಗಳ ಮೇಲೆ, 1978ರಲ್ಲಿ, ಜಾರ್ಜಿಯ ರಾಜ್ಯದ ಐವರ ಜ್ಯೂರಿಯ ಪ್ರಶ್ನೆ ಬಂದಾಗ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಆ ನಡುವೆ ಪ್ರಕಟವಾದ ಅಧ್ಯಯನಗಳನ್ನು ವಿವರವಾಗಿ ಪರಿಶೀಲಿಸಿ, ಐವರು ಸಾಲದೆಂದರು. ವಿಚಿತ್ರವೆಂದರೆ ಅವರು ಉದಾಹರಿಸಿದ ಅಧ್ಯಯನಗಳಲ್ಲಿ ಬಹಳಷ್ಟು ಹನ್ನೆರಡನ್ನೂ ಆರನ್ನೂ ಹೋಲಿಸಿದವು. ಆದರೂ ಆರರ ತೀರ್ಪು ಹಾಗೆಯೇ ಉಳಿಯಿತು.

ನಮ್ಮ ದೇಶದ ಜ್ಯೂರಿಗೆ ಏಕಾಭಿಪ್ರಾಯ ಬೇಕಿರಲಿಲ್ಲ. 1959ರ ನಾನಾವತಿ ಮೊಕದ್ದಮೆಯನ್ನು ಹಿರಿಯರು ಮರೆತಿರಲಾರರು. ಮುಂಬಯಿಯ ಒಂಬತ್ತು ಮಂದಿಯ ಜ್ಯೂರಿಯಲ್ಲಿ ಎಂಟು ಮಂದಿ ನಿರ್ದೋಷಿಯೆಂದರು, ಒಬ್ಬ ಒಪ್ಪಲಿಲ್ಲ. ನ್ಯಾಯಾಧೀಶರು ಬಹುಮತದ ತೀರ್ಪನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಅಪರಾಧ ಸ್ಥಿರಪಟ್ಟು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಒಬ್ಬ ಜ್ಯೂರಿ ಎಂಟು ಮಂದಿಯ ನಡುವೆ ಹೇಗೆ ಕುಳಿತಿದ್ದನೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಅಮೆರಿಕದಲ್ಲೂ ಲೂಯಿಸಿಯಾನ ಮತ್ತು ಆರೆಗನ್ ರಾಜ್ಯಗಳು ಹತ್ತು–ಎರಡರ ತೀರ್ಪನ್ನು ಬಹುಕಾಲ ಒಪ್ಪುತ್ತಿದ್ದವು. ಅಲ್ಲಿ ಜೊತೆಗಾರನಿದ್ದರೂ ಅವನ ಮಾತನ್ನು ಕೇಳಲೇಬೇಕೆಂದಿರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆದು, ಗಂಭೀರ ಅಪರಾಧಗಳಲ್ಲಿ ಏಕಾಭಿಪ್ರಾಯ ಕಡ್ಡಾಯವೆಂದಿತು. ಫ್ಲಾರಿಡದಲ್ಲಿ ಮರಣದಂಡನೆಗೆ ಗುರಿಯಾಗದ ಮೊಕದ್ದಮೆಗಳಿಗೆ ಇಂದೂ ಆರೇ ಮಂದಿ.

ಕೋಣೆಯ ಬಾಗಿಲು ಮುಚ್ಚಿದ ಮೇಲೆ ಮೊದಲ ಮತವನ್ನು ಕೈ ಎತ್ತಿ ತೆಗೆದುಕೊಳ್ಳುವುದೋ, ಸುತ್ತಲೂ ಒಬ್ಬೊಬ್ಬರಾಗಿ ಬಾಯಲ್ಲಿ ಹೇಳುವುದೋ, ಚೀಟಿಯಲ್ಲಿ ಬರೆಯುವುದೋ ಎಂಬುದನ್ನು ಸಾಮಾನ್ಯವಾಗಿ ಜ್ಯೂರಿಗಳೇ ನಿರ್ಧರಿಸಿಕೊಳ್ಳುತ್ತಾರೆ. ಕರೆ ಬಂದು ಹೋದವರು ನಮ್ಮಲ್ಲಿ ಯಾರಾದರೂ ‘ಮೊದಲು ಚೀಟಿಯಲ್ಲಿ ಬರೆಯೋಣ’ ಎಂದು ಸೂಚಿಸಿದರೆ, ಉಳಿದವರಿಗೆ ಅದು ಕೇವಲ ಅಚ್ಚುಕಟ್ಟಿನ ಮಾತಾಗಿ ಕೇಳಿಸೀತು. ಡಾಯ್ಚ್ ಮತ್ತು ಜೆರಾರ್ಡರ ಅಡ್ಡಗೋಡೆಯೂ ಕಾಗದವೂ ಆ ಒಂದು ಚೀಟಿಯಲ್ಲೇ ಇವೆ. ಪಕ್ಕದಲ್ಲಿ ತನ್ನಂತೆಯೇ ಬರೆದ ಇನ್ನೊಬ್ಬ ಇದ್ದಾನೆಯೇ ಎಂಬುದು ಚೀಟಿಗಳನ್ನು ಬಿಚ್ಚಿ ಎಣಿಸಿದಾಗ ತಿಳಿಯುತ್ತದೆ.